ಪಾಸ್ ತೆಗೆಯುವುದೇ, ಬಿಡಿ ಟಿಕೆಟ್ಟೇ ಸಾಕೇ? ಬೆಂಗಳೂರಿನ ನಿತ್ಯ ಪ್ರಯಾಣಿಕರ ಲೆಕ್ಕ

ಬೆಂಗಳೂರಿನ ಬಿಎಂಟಿಸಿ ಸಾಮಾನ್ಯ ಬಸ್ಸಿಗೆ ಮೂರು ಬಗೆಯ ಪಾಸ್‌ಗಳಿವೆ. 2025ರ ಜನವರಿಯಲ್ಲಿ ದರ ಪರಿಷ್ಕರಣೆಯಾದಾಗ ದಿನದ ಪಾಸ್ 70ರಿಂದ 80 ರೂಪಾಯಿಗೆ, ವಾರದ ಪಾಸ್ 300ರಿಂದ 350ಕ್ಕೆ, ತಿಂಗಳ ಪಾಸ್ 1,050ರಿಂದ 1,200ಕ್ಕೆ ಏರಿತು. ಈ ಲೇಖನದ ಲೆಕ್ಕವೆಲ್ಲ ಈ ಪರಿಷ್ಕೃತ ದರಗಳ ಮೇಲೆ ನಿಂತಿದೆ. ಮುಂದೆ ದರ ಬದಲಾದರೂ ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

ಬಹಳ ಮಂದಿ ತಮ್ಮ ಮನೆ ಕಚೇರಿಯಿಂದ ಎಷ್ಟು ದೂರವಿದೆ ಎಂಬುದನ್ನು ನೋಡಿ ಪಾಸಿನ ಬಗ್ಗೆ ತೀರ್ಮಾನಿಸುತ್ತಾರೆ. ದೂರವಿದ್ದರೆ ಪಾಸ್, ಹತ್ತಿರವಿದ್ದರೆ ಟಿಕೆಟ್ ಎಂಬುದು ರೂಢಿಯ ನಂಬಿಕೆ. ಇದು ಅರ್ಧ ಮಾತ್ರ ಸರಿ. ಪಾಸಿಗೆ ಕೊಟ್ಟ ಹಣ ಗಿಟ್ಟುತ್ತದೆಯೇ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ದಿನಕ್ಕೆ ಎಷ್ಟು ಬಸ್ ಹತ್ತುತ್ತೀರಿ ಮತ್ತು ತಿಂಗಳಲ್ಲಿ ನಿಜವಾಗಿ ಎಷ್ಟು ದಿನ ಹೊರಡುತ್ತೀರಿ ಎಂಬ ಎರಡು ಸಂಖ್ಯೆಗಳು. ಒಂದೇ ಬಡಾವಣೆಯಿಂದ ಒಂದೇ ಕಡೆಗೆ ಹೋಗುವ ಇಬ್ಬರಲ್ಲಿ ಒಬ್ಬರಿಗೆ ಪಾಸ್ ಲಾಭವಾಗಿ ಇನ್ನೊಬ್ಬರಿಗೆ ನಷ್ಟವಾಗುವುದು ಇದರಿಂದಲೇ.

ಮೊದಲು ಅತಿ ಸರಳ ಲೆಕ್ಕ. ತಿಂಗಳ ಪಾಸಿನ ಬೆಲೆಯನ್ನು ನಿಮ್ಮ ಒಂದು ದಿನದ ಪ್ರಯಾಣದ ಖರ್ಚಿನಿಂದ ಭಾಗಿಸಿ. ಬರುವ ಸಂಖ್ಯೆಯೇ ಅಸಲು ಗಿಟ್ಟಲು ಬೇಕಾದ ದಿನಗಳು. ದಿನಕ್ಕೆ ಹೋಗಿ ಬರುವ ಖರ್ಚು 40 ರೂಪಾಯಿ ಇದ್ದರೆ 1,200ನ್ನು 40ರಿಂದ ಭಾಗಿಸಿದಾಗ 30 ದಿನ ಬರುತ್ತದೆ. ಅಂದರೆ ಒಂದು ಭಾನುವಾರವೂ ಬಿಡದೆ ಓಡಾಡಿದರೆ ಮಾತ್ರ ಸರಿಸಮ. ದಿನದ ಖರ್ಚು 40 ರೂಪಾಯಿಗಿಂತ ಕಡಿಮೆ ಇರುವವರಿಗೆ ಸಾಮಾನ್ಯ ಬಸ್ಸಿನ ತಿಂಗಳ ಪಾಸ್ ಯಾವ ತಿಂಗಳಲ್ಲೂ ಗಿಟ್ಟುವುದಿಲ್ಲ. ಈ ಗೆರೆಯನ್ನು ನೆನಪಿಟ್ಟುಕೊಂಡರೆ ಅರ್ಧದಷ್ಟು ಜನರ ಪ್ರಶ್ನೆಗೆ ಇಲ್ಲೇ ಉತ್ತರ ಸಿಗುತ್ತದೆ. ಒಂದೇ ಬಸ್ಸಿನಲ್ಲಿ 18 ರೂಪಾಯಿ ಕೊಟ್ಟು ಹೋಗಿ 18 ರೂಪಾಯಿ ಕೊಟ್ಟು ಬರುವವರು ದಿನಕ್ಕೆ 36 ರೂಪಾಯಿ ಕೊಡುತ್ತಾರೆ. ಅವರು ಪಾಸಿನ ಯೋಚನೆಯನ್ನೇ ಬಿಡಬಹುದು.

ಮಹಿಳೆಯರ ವಿಷಯ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಕರ್ನಾಟಕದ ನಿವಾಸಿ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಅವರಿಗೆ ಸಾಮಾನ್ಯ ಬಸ್ಸಿನ ಪಾಸ್ ಬೇಕಿಲ್ಲ. ಹವಾನಿಯಂತ್ರಿತ ವಜ್ರ ಬಸ್ಸಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲವಾದ್ದರಿಂದ ಅವರ ಪಾಸಿನ ಪ್ರಶ್ನೆ ವಜ್ರಕ್ಕೆ ಮಾತ್ರ ಸೀಮಿತ. ಆ ಲೆಕ್ಕ ಸ್ವಲ್ಪ ಬೇರೆ, ಮುಂದೆ ನೋಡೋಣ.

ಇನ್ನು ಬಸ್ ಬದಲಿಸುವವರ ಲೆಕ್ಕ. ಬಿಎಂಟಿಸಿ ದರ ಹಂತಗಳ ಮೇಲೆ ನಿಂತಿದೆ. ಮೊದಲ ಹಂತಕ್ಕೆ, ಅಂದರೆ ಸುಮಾರು ಎರಡು ಕಿಲೋಮೀಟರ್‌ವರೆಗೆ, 6 ರೂಪಾಯಿ. ಎರಡನೆಯ ಹಂತಕ್ಕೆ 12. ಆರಂಭದಲ್ಲಿ ದರ ವೇಗವಾಗಿ ಏರುತ್ತದೆ, ಮುಂದೆ ಹೋದಂತೆ ಏರಿಕೆ ನಿಧಾನವಾಗುತ್ತದೆ. ಹೀಗಾಗಿ ಒಂದೇ ಬಸ್ಸಿನಲ್ಲಿ ದೂರ ಹೋಗುವವರಿಗೆ ಪ್ರತಿ ಕಿಲೋಮೀಟರಿಗೆ ಬೀಳುವ ಹಣ ಕಡಿಮೆ. ಆದರೆ ನಡುದಾರಿಯಲ್ಲಿ ಇಳಿದು ಇನ್ನೊಂದು ಬಸ್ ಹತ್ತಿದರೆ ಹೊಸ ಟಿಕೆಟ್ ಮತ್ತೆ ಮೊದಲ ಹಂತದಿಂದ ಶುರುವಾಗುತ್ತದೆ. ಹಿಂದಿನ ಬಸ್ಸಿನಲ್ಲಿ ಎಷ್ಟು ದೂರ ಬಂದಿದ್ದೀರಿ ಎಂಬುದನ್ನು ಈ ಟಿಕೆಟ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಷ್ಟೇ ದೂರವನ್ನು ಒಂದು ಬಸ್ಸಿನಲ್ಲಿ ಹೋದವರಿಗಿಂತ ಎರಡು ಬಸ್ಸಿನಲ್ಲಿ ಹೋದವರು ಹೆಚ್ಚು ಕೊಡುತ್ತಾರೆ. ಪಾಸ್ ಅಳಿಸಿಹಾಕುವುದು ಮುಖ್ಯವಾಗಿ ಈ ಹೆಚ್ಚುವರಿಯನ್ನು. ನೇರ ಬಸ್ ಸಿಗದ ಬಡಾವಣೆಯವರಿಗೆ ಪಾಸ್ ಹೆಚ್ಚು ಬೇಕಾಗುವುದು ಇದಕ್ಕಾಗಿ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಕೆಂಗೇರಿ ಕಡೆಯಿಂದ ಹೊರಡುವ ಇಬ್ಬರು ನೌಕರರಿದ್ದಾರೆ ಎಂದುಕೊಳ್ಳಿ. ಮೊದಲನೆಯವರ ಕಚೇರಿ ಮೆಜೆಸ್ಟಿಕ್ ಸಮೀಪ. ಒಂದೇ ಬಸ್, ಒಂದು ಬದಿಗೆ 28 ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡನೆಯವರು ಮೆಜೆಸ್ಟಿಕ್‌ನಲ್ಲಿ ಇಳಿದು ಹೆಬ್ಬಾಳದ ದಾರಿಯಲ್ಲಿ ಇನ್ನೊಂದು ಬಸ್ ಹತ್ತುತ್ತಾರೆ. ಅದಕ್ಕೆ 18 ರೂಪಾಯಿ. ಒಂದು ಬದಿಗೆ ಒಟ್ಟು 46. ಇವು ಲೆಕ್ಕಕ್ಕಾಗಿ ಇಟ್ಟುಕೊಂಡ ದರಗಳು. ಓದುಗರು ತಮ್ಮ ಟಿಕೆಟ್ಟಿನ ಮೇಲೆ ಅಚ್ಚಾಗಿರುವ ಮೊತ್ತವನ್ನು ಈ ಜಾಗದಲ್ಲಿ ಹಾಕಿಕೊಳ್ಳಬೇಕು.

ಮೊದಲನೆಯವರ ದಿನದ ಖರ್ಚು 56 ರೂಪಾಯಿ. ಅವರಿಗೆ 80 ರೂಪಾಯಿಯ ದಿನದ ಪಾಸ್ ಕಚೇರಿಗೆ ಹೋಗಿ ಬರುವುದಕ್ಕಷ್ಟೇ ಆದರೆ ನಷ್ಟ. ವಾಸ್ತವದಲ್ಲಿ ಎರಡೇ ಬಸ್ ಹತ್ತುವ ಯಾರಿಗೂ ದಿನದ ಪಾಸ್ ಗಿಟ್ಟಬೇಕಾದರೆ ಒಂದೊಂದು ಟಿಕೆಟ್ 40 ರೂಪಾಯಿ ದಾಟಬೇಕು. ನಗರದೊಳಗಿನ ಸಾಮಾನ್ಯ ಬಸ್ಸಿನಲ್ಲಿ ಅಷ್ಟು ದೊಡ್ಡ ಟಿಕೆಟ್ ಕಾಣುವುದು ಕಷ್ಟ. ತಿಂಗಳ ಪಾಸ್ ಆದರೋ, 1,200ನ್ನು 56ರಿಂದ ಭಾಗಿಸಿದರೆ 21.4 ಬರುತ್ತದೆ. ಅಂದರೆ 22ನೆಯ ದಿನ ಹೊರಟಾಗ ಅಸಲು ಗಿಟ್ಟಿ 32 ರೂಪಾಯಿ ಉಳಿಯುತ್ತದೆ.

ಈ 22 ದಿನ ಎಂಬುದು ಇಕ್ಕಟ್ಟಿನ ಸಂಖ್ಯೆ. ವಾರಕ್ಕೆ ಆರು ದಿನ ಕೆಲಸವಿರುವವರಿಗೆ 30 ದಿನಗಳಲ್ಲಿ 25 ಅಥವಾ 26 ಕೆಲಸದ ದಿನಗಳು ಸಿಗುತ್ತವೆ. ಎರಡು ದಿನ ರಜೆ ಹಾಕಿ 23 ದಿನವೇ ಹೋದರೂ 1,288 ರೂಪಾಯಿಯ ಟಿಕೆಟ್ ತಪ್ಪಿ 88 ರೂಪಾಯಿ ಉಳಿಯುತ್ತದೆ. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇರುವ ಬ್ಯಾಂಕಿನವರೂ ಸರ್ಕಾರಿ ನೌಕರರೂ 23–24 ದಿನಗಳ ಲೆಕ್ಕದಲ್ಲಿ ಇರುವುದರಿಂದ ಹಬ್ಬವೊಂದು ಬಂದರೆ ಅಂಚಿಗೆ ಬಂದು ನಿಲ್ಲುತ್ತಾರೆ. ವಾರಕ್ಕೆ ಐದೇ ದಿನ ಕೆಲಸವಿರುವವರಿಗೆ 20ರಿಂದ 22 ದಿನ. 20 ದಿನ ಹೋದರೆ ಬಿಡಿ ಟಿಕೆಟ್ಟಿನ ಖರ್ಚು 1,120. ಪಾಸ್ ತೆಗೆದು 80 ರೂಪಾಯಿ ಕಳೆದುಕೊಂಡಂತಾಯಿತು.

ಇಲ್ಲಿ ಪಾಸ್ ಯಾವ ವಾರದ ದಿನ ಶುರುವಾಗುತ್ತದೆ ಎಂಬುದು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. Tummoc ಆ್ಯಪ್‌ನಲ್ಲಿ ತೆಗೆಯುವ ತಿಂಗಳ ಪಾಸ್ ಕ್ಯಾಲೆಂಡರ್ ತಿಂಗಳಿಗೆ ಅಂಟಿಕೊಂಡಿಲ್ಲ. ಶುರುವಾದ ದಿನದಿಂದ 30 ದಿನ ನಡೆಯುತ್ತದೆ. ಮೂವತ್ತು ದಿನ ಎಂದರೆ ನಾಲ್ಕು ಪೂರ್ತಿ ವಾರ ಮತ್ತು ಮೇಲೆ ಎರಡು ದಿನ. ನಾಲ್ಕು ವಾರಗಳಿಂದ 20 ಕೆಲಸದ ದಿನಗಳು ಹೇಗೂ ಬರುತ್ತವೆ. ಉಳಿದ ಎರಡು ದಿನ ಯಾವುವು ಎಂಬುದು ಪಾಸ್ ಶುರುವಾದ ದಿನದ ಮೇಲೆ ನಿಂತಿದೆ. ಸೋಮವಾರ ಶುರುವಾದರೆ ಆ ಎರಡು ದಿನ ಸೋಮವಾರ ಮತ್ತು ಮಂಗಳವಾರ, ಒಟ್ಟು 22. ಸೋಮವಾರದಿಂದ ಗುರುವಾರದವರೆಗೆ ಯಾವ ದಿನ ಶುರು ಮಾಡಿದರೂ 22 ಸಿಗುತ್ತದೆ. ಶುಕ್ರವಾರವೋ ಭಾನುವಾರವೋ ಆದರೆ 21. ಶನಿವಾರ ಶುರು ಮಾಡಿದರೆ ಆ ಎರಡು ದಿನ ಶನಿವಾರ ಮತ್ತು ಭಾನುವಾರವೇ ಆಗಿ 20ಕ್ಕೆ ನಿಲ್ಲುತ್ತದೆ. ನೇರ ಬಸ್ಸಿನ ನಮ್ಮ ಮೊದಲ ನೌಕರರು ಐದು ದಿನದ ವಾರದವರಾಗಿದ್ದರೆ, ಸೋಮವಾರ ಶುರು ಮಾಡಿ ಒಂದು ದಿನವೂ ತಪ್ಪಿಸದಿದ್ದರೆ 32 ರೂಪಾಯಿ ಲಾಭ, ಶನಿವಾರ ಶುರು ಮಾಡಿದರೆ 80 ರೂಪಾಯಿ ನಷ್ಟ. ಸಂಬಳ ಕೈಗೆ ಬಂದ ದಿನವೇ ಪಾಸ್ ತೆಗೆಯುವ ಅಭ್ಯಾಸ ಹಲವರಿಗಿದೆ. ಅದರ ಬದಲು ಮುಂದಿನ 30 ದಿನಗಳಲ್ಲಿ ಬರುವ ರಜೆಗಳನ್ನು ಕ್ಯಾಲೆಂಡರಿನಲ್ಲಿ ಎಣಿಸಿ, ಊರಿಗೆ ಹೋಗುವ ದಸರೆಯ ವಾರ ಪಾಸಿನ ಹೊರಗೆ ಉಳಿಯುವಂತೆ ದಿನಾಂಕ ಆರಿಸುವುದು ಒಳ್ಳೆಯದು.

ಈಗ ಎರಡನೆಯವರ ಲೆಕ್ಕ. ಬಿಡಿ ಟಿಕೆಟ್ಟಿನಲ್ಲಿ ಅವರ ದಿನದ ಖರ್ಚು 92 ರೂಪಾಯಿ. 1,200ನ್ನು 92ರಿಂದ ಭಾಗಿಸಿದರೆ 13ಕ್ಕಿಂತ ತುಸು ಹೆಚ್ಚು ಬರುತ್ತದೆ. ಆದ್ದರಿಂದ 14ನೆಯ ದಿನಕ್ಕೆ ಲಾಭ ಶುರು ಎಂದು ಯಾರಿಗಾದರೂ ಅನಿಸುವುದು ಸಹಜ. ಪಾಸಿನ ಲೆಕ್ಕದಲ್ಲಿ ಜನ ಹೆಚ್ಚಾಗಿ ಎಡವುವುದು ಇಲ್ಲಿ. ಇವರ ಮುಂದಿರುವ ಆಯ್ಕೆ ಬಿಡಿ ಟಿಕೆಟ್ ಅಥವಾ ತಿಂಗಳ ಪಾಸ್ ಎಂಬ ಎರಡೇ ಅಲ್ಲ. ದಿನಕ್ಕೆ 80 ರೂಪಾಯಿಯ ಪಾಸ್ ಕೂಡ ಇದೆ, ಅದು 92ಕ್ಕಿಂತ 12 ರೂಪಾಯಿ ಅಗ್ಗ. ತಿಂಗಳ ಪಾಸನ್ನು ಹೋಲಿಸಬೇಕಾದದ್ದು ಉಳಿದ ಆಯ್ಕೆಗಳಲ್ಲಿ ಅತಿ ಅಗ್ಗವಾದುದರ ಜೊತೆ. 1,200ನ್ನು 80ರಿಂದ ಭಾಗಿಸಿದರೆ 15. ಹೀಗಾಗಿ 15 ದಿನಕ್ಕೆ ಸರಿಸಮ, 16ನೆಯ ದಿನದಿಂದ ತಿಂಗಳ ಪಾಸ್ ಗೆಲ್ಲುತ್ತದೆ. ಹಳೆಯ ದರದಲ್ಲೂ 1,050ನ್ನು 70ರಿಂದ ಭಾಗಿಸಿದರೆ 15 ದಿನವೇ ಬರುತ್ತಿತ್ತು. ಎರಡೂ ಪಾಸುಗಳ ಬೆಲೆ ಒಂದೇ ಪ್ರಮಾಣದಲ್ಲಿ ಏರಿದ್ದರಿಂದ ದರ ಏರಿದರೂ ಈ ಗೆರೆ ಕದಲಲಿಲ್ಲ.

ಈ ಎರಡು ದಿನಗಳ ವ್ಯತ್ಯಾಸ ಚಿಕ್ಕದಾಗಿ ಕಂಡರೂ ವಾರಕ್ಕೆ ಮೂರು ದಿನ ಮಾತ್ರ ಕಚೇರಿಗೆ ಹೋಗುವವರಿಗೆ ಅದೇ ನಿರ್ಣಾಯಕ. ಅವರಿಗೆ 30 ದಿನಗಳಲ್ಲಿ ಸಿಗುವುದು ಹೆಚ್ಚುಕಡಿಮೆ 13 ದಿನ. ಬಿಡಿ ಟಿಕೆಟ್ಟಿನಲ್ಲಿ 1,196 ರೂಪಾಯಿ ಆಗುತ್ತದೆ. ಅದನ್ನು ನೋಡಿ, ಹೇಗಿದ್ದರೂ ಅಷ್ಟೇ ಖರ್ಚಲ್ಲವೇ ಎಂದು 1,200ರ ಪಾಸ್ ತೆಗೆದುಬಿಡುತ್ತಾರೆ. ಆದರೆ ಹೋದ ದಿನ ಮಾತ್ರ ದಿನದ ಪಾಸ್ ತೆಗೆದಿದ್ದರೆ 1,040ರಲ್ಲಿ ಮುಗಿಯುತ್ತಿತ್ತು. 160 ರೂಪಾಯಿ ಉಳಿಯುತ್ತಿತ್ತು. ಮನೆಯಿಂದಲೂ ಕೆಲಸ ಮಾಡುವ ಪದ್ಧತಿ ಬಂದ ಮೇಲೆ ದಿನದ ಪಾಸಿನ ಮಹತ್ವ ಹೆಚ್ಚಿದೆ ಎಂದೇ ನನ್ನ ಅಭಿಪ್ರಾಯ. ಮೊದಲು ಅದು ಊರು ನೋಡಲು ಬಂದವರ ಪಾಸ್ ಎನಿಸಿತ್ತು. ಈಗ ಎರಡು ಬಸ್ ಬದಲಿಸಿ ವಾರಕ್ಕೆ ಎರಡು ಮೂರು ದಿನ ಕಚೇರಿಗೆ ಹೋಗುವವರಿಗೆ ಅದೇ ಸರಿಯಾದ ಪಾಸ್.

ವಾರಕ್ಕೆ ಐದು ದಿನ ಹೋಗುವವರಾದರೆ ಇದೇ ಪ್ರಯಾಣಕ್ಕೆ 20 ದಿನಗಳಲ್ಲಿ ಬಿಡಿ ಟಿಕೆಟ್ 1,840, ದಿನದ ಪಾಸ್ 1,600, ತಿಂಗಳ ಪಾಸ್ 1,200. ಯೋಚಿಸುವ ಅಗತ್ಯವೇ ಇಲ್ಲ. ವಾರದ ಪಾಸ್ 350 ರೂಪಾಯಿ ಆದ್ದರಿಂದ ದಿನದ ಪಾಸಿಗೆ ಹೋಲಿಸಿದರೆ ವಾರದಲ್ಲಿ ಐದು ದಿನ ಹೋದಾಗ 50 ರೂಪಾಯಿ ಉಳಿಸುತ್ತದೆ, ನಾಲ್ಕೇ ದಿನವಾದರೆ 30 ರೂಪಾಯಿ ನಷ್ಟ. ನಾಲ್ಕು ವಾರದ ಪಾಸುಗಳಿಗೆ 1,400 ಆಗುವುದರಿಂದ ಅದು ತಿಂಗಳ ಪಾಸಿಗೆ ಬದಲಿಯಲ್ಲ. ಆದರೆ ಮೂರು ವಾರಗಳಿಗೆ 1,050. ತಿಂಗಳಲ್ಲಿ ಒಂದು ವಾರ ಪೂರ್ತಿ ಊರಿನಲ್ಲಿ ಇರುವುದು ಮೊದಲೇ ಗೊತ್ತಿದ್ದರೆ, ಮೂರು ವಾರದ ಪಾಸುಗಳು ತಿಂಗಳ ಪಾಸಿಗಿಂತ 150 ರೂಪಾಯಿ ಅಗ್ಗ.

ಪಾಸಿನ ಪರವಾಗಿ ಸಾಮಾನ್ಯವಾಗಿ ಹೇಳುವ ಇನ್ನೊಂದು ಮಾತಿದೆ: ಭಾನುವಾರ ಮಾರುಕಟ್ಟೆಗೆ, ಸಂಜೆ ನೆಂಟರ ಮನೆಗೆ ಹೋಗಲೂ ಬರುತ್ತದಲ್ಲ ಎಂದು. ನಿಜ. ಆದರೆ ಲಾಭದ ಲೆಕ್ಕಕ್ಕೆ ಸೇರಿಸಬೇಕಾದದ್ದು ಪಾಸ್ ಇಲ್ಲದಿದ್ದರೂ ಟಿಕೆಟ್ ಕೊಟ್ಟು ಹೋಗುತ್ತಿದ್ದ ಪ್ರಯಾಣವನ್ನು ಮಾತ್ರ. ಪಾಸ್ ಇದೆಯೆಂಬ ಕಾರಣಕ್ಕೇ ಹೋದದ್ದು ಸಂತೋಷ ಕೊಟ್ಟಿರಬಹುದು, ಹಣ ಉಳಿಸಿಲ್ಲ. ಹಾಗೆಯೇ ಪಾಸ್ ಕೊಡುವ ಒಂದು ಅನುಕೂಲವನ್ನು ರೂಪಾಯಿಯಲ್ಲಿ ಎಣಿಸಲಾಗದಿದ್ದರೂ ಲೆಕ್ಕಕ್ಕೆ ಇಡಲೇಬೇಕು. ಪಾಸ್ ಇದ್ದವರು ನೇರ ಬಸ್ಸಿಗೆ ಕಾಯುತ್ತಾ ನಿಲ್ಲಬೇಕಿಲ್ಲ. ಮೊದಲು ಬಂದ ಬಸ್ ಹತ್ತಿ, ದೊಡ್ಡ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಬೇರೊಂದು ಹಿಡಿಯಬಹುದು. ಎರಡು ನಿಲ್ದಾಣದ ದೂರಕ್ಕೂ ಬಸ್ ಹತ್ತಬಹುದು. ಚಿಲ್ಲರೆಗಾಗಿ ಕಂಡಕ್ಟರ್ ಜೊತೆ ವಾದವೂ ಇಲ್ಲ. ಲೆಕ್ಕ ಸರಿಸಮವಾಗಿ ಬಂದರೆ ನಾನು ಪಾಸಿನ ಕಡೆಗೇ ವಾಲುತ್ತೇನೆ.

ಮೆಟ್ರೊ ಬಂದ ಮೇಲೆ ಬಸ್ ಪಾಸಿನ ಲಾಭ ಕಳೆದುಕೊಂಡವರೂ ಇದ್ದಾರೆ. ದೂರದ ದಾರಿಯನ್ನು ಮೆಟ್ರೊದಲ್ಲಿ ಮುಗಿಸಿ, ಮನೆಯಿಂದ ನಿಲ್ದಾಣಕ್ಕೆ ಮಾತ್ರ ಬಸ್ ಹಿಡಿಯುವವರ ಬಸ್ ಖರ್ಚು ದಿನಕ್ಕೆ 12 ಮತ್ತು 12, ಒಟ್ಟು 24 ರೂಪಾಯಿ. 40ರ ಗೆರೆಯ ಬಹಳ ಕೆಳಗೆ. ಹಳೆಯ ಅಭ್ಯಾಸದಿಂದ ಬಸ್ ಪಾಸನ್ನು ನವೀಕರಿಸುತ್ತಲೇ ಇರುವುದು ಇಂಥವರಿಗೆ ಶುದ್ಧ ನಷ್ಟ. ಮೆಟ್ರೊ ಸ್ಮಾರ್ಟ್ ಕಾರ್ಡಿನಲ್ಲಿ ಪ್ರತಿ ಪ್ರಯಾಣಕ್ಕೂ ಶೇ 5ರಷ್ಟು ರಿಯಾಯಿತಿ ಸಿಗುವುದರಿಂದ ಅಲ್ಲಿ ದಿನ ಎಣಿಸುವ ಕೆಲಸವೇ ಇಲ್ಲ. ಒಂದು ಸಲ ಹೋದರೂ ಅಷ್ಟೇ ಪ್ರಮಾಣದ ಉಳಿತಾಯ.

ವಜ್ರ ಬಸ್ಸಿನ ದಿನದ ಪಾಸ್ 140 ರೂಪಾಯಿ, ತಿಂಗಳ ಪಾಸ್ 2,000. ಭಾಗಿಸಿದರೆ 14.3, ಅಂದರೆ ದಿನದ ಪಾಸಿಗೆ ಹೋಲಿಸಿ 15ನೆಯ ದಿನದಿಂದ ಲಾಭ. ಆದರೆ ಶಕ್ತಿ ಯೋಜನೆಯ ಫಲಾನುಭವಿಗಳಿಗೆ ಅಗ್ಗದ ಬದಲಿ ಎಂದರೆ ಸಾಮಾನ್ಯ ಬಸ್, ಅದಕ್ಕೆ ಖರ್ಚು ಸೊನ್ನೆ. ಅವರು ಎಣಿಸಬೇಕಾದದ್ದು ವಜ್ರ ಬಸ್ಸನ್ನೇ ಹತ್ತುವೆ ಎಂದು ಖಚಿತವಾಗಿರುವ ದಿನಗಳನ್ನು ಮಾತ್ರ. ಯಾವ ಬಸ್ ಮೊದಲು ಬಂದರೂ ಹತ್ತುವ ಮಹಿಳೆಗೆ ತಿಂಗಳಲ್ಲಿ ಅರ್ಧದಷ್ಟು ದಿನ ಸಾಮಾನ್ಯ ಬಸ್ಸೇ ಸಿಕ್ಕಿದರೆ, ವಜ್ರ ಪಾಸಿನ 2,000 ಉಳಿದ ಅರ್ಧ ದಿನಗಳಲ್ಲೇ ಗಿಟ್ಟಬೇಕಾಗುತ್ತದೆ. ಹೆಚ್ಚಿನವರಿಗೆ ಅದು ಸಾಧ್ಯವಾಗದು. ವಿಮಾನ ನಿಲ್ದಾಣದ ವಾಯು ವಜ್ರಕ್ಕೆ ಈ ಪಾಸ್ ನಡೆಯುವುದಿಲ್ಲ, ಅದರ ತಿಂಗಳ ಪಾಸ್ ಬೇರೆ, 4,000 ರೂಪಾಯಿ.

ಇಷ್ಟು ನಗರದೊಳಗಿನ ಮಾತು. ಮಂಡ್ಯ, ಮದ್ದೂರು, ರಾಮನಗರ, ತುಮಕೂರು, ಬಂಗಾರಪೇಟೆ ಕಡೆಯಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಬಂದು ಹೋಗುವವರ ಲೆಕ್ಕ ಪೂರ್ತಿ ಬೇರೆ. ಅವರು ಎಂಎಸ್‌ಟಿ ಎಂದು ಕರೆಯುವ ಮಾಸಿಕ ಸೀಸನ್ ಟಿಕೆಟ್ ಎರಡು ನಿಲ್ದಾಣಗಳ ನಡುವೆ ಮಾತ್ರ ನಡೆಯುತ್ತದೆ. ಆ ನಡುವೆ ಎಷ್ಟು ಸಲವಾದರೂ ಓಡಾಡಬಹುದು. 150 ಕಿಲೋಮೀಟರ್‌ವರೆಗಿನ ದೂರಕ್ಕೆ ಕೊಡುತ್ತಾರೆ. ಹೀಗಾಗಿ 140 ಕಿಲೋಮೀಟರಿನ ಆಸುಪಾಸಿನಲ್ಲಿರುವ ಮೈಸೂರು–ಬೆಂಗಳೂರು ದಾರಿಯೂ ಇದರೊಳಗೆ ಬರುತ್ತದೆ.

ಎರಡನೇ ದರ್ಜೆಯ ಎಂಎಸ್‌ಟಿ ಬೆಲೆ ಸುಮಾರು 15 ಬಿಡಿ ಪ್ರಯಾಣಗಳ ದರಕ್ಕೆ ಸಮ. ಬಸ್ಸಿನಲ್ಲಿ ತಿಂಗಳ ಪಾಸಿನ ಬೆಲೆ ದಿನದ ಪಾಸು ಹದಿನೈದಕ್ಕೆ ಸಮವಾಗಿತ್ತು, ರೈಲಿನಲ್ಲಿ ಅದು 15 ಒಂಟಿ ಪ್ರಯಾಣಗಳಿಗೆ ಸಮ. ಸಂಖ್ಯೆ ಒಂದೇ ಆದರೂ ಅರ್ಥದಲ್ಲಿ ಬಹಳ ಅಂತರ. ಹೋಗಿ ಬರುವುದು ಎರಡು ಪ್ರಯಾಣವಾದ್ದರಿಂದ 15 ಪ್ರಯಾಣ ಎಂದರೆ ಏಳೂವರೆ ದಿನ. ಎಂಟನೆಯ ದಿನ ಮನೆಗೆ ಮರಳುವ ಹೊತ್ತಿಗೆ ಅಸಲು ಗಿಟ್ಟಿರುತ್ತದೆ. ವಾರಕ್ಕೆ ಎರಡೇ ದಿನ ಬೆಂಗಳೂರಿಗೆ ಬರುವವರಿಗೂ ಎಂಎಸ್‌ಟಿ ನಷ್ಟವಿಲ್ಲ. ದೂರಕ್ಕೆ ತಕ್ಕಂತೆ ಈ ಅನುಪಾತ ಸ್ವಲ್ಪ ಆಚೀಚೆ ಆಗುವುದರಿಂದ, ನಿಮ್ಮ ನಿಲ್ದಾಣಗಳ ಎಂಎಸ್‌ಟಿ ಬೆಲೆಯನ್ನು ನೀವು ನಿಜವಾಗಿ ಹತ್ತುವ ರೈಲಿನ ಬಿಡಿ ಟಿಕೆಟ್ ದರದಿಂದ ಭಾಗಿಸಿ ನೋಡಿಕೊಳ್ಳಬೇಕು.

ಇಷ್ಟು ಅಗ್ಗವಾಗಿರಲು ವ್ಯಾಪಾರದ ಲೆಕ್ಕವಲ್ಲ, ರಾಜಕೀಯ ಕಾರಣ. 2014ರ ಜೂನ್‌ನಲ್ಲಿ ರೈಲ್ವೆಯು ಪ್ರಯಾಣ ದರವನ್ನು ಶೇ 14.2ರಷ್ಟು ಏರಿಸಿದಾಗ, ಎಂಎಸ್‌ಟಿಯನ್ನೂ 15ರ ಬದಲು 30 ಬಿಡಿ ಪ್ರಯಾಣಗಳ ದರಕ್ಕೆ ನಿಗದಿಪಡಿಸುವುದಾಗಿ ಪ್ರಕಟಿಸಿತು. ಪಾಸಿನ ಬೆಲೆ ಒಮ್ಮೆಲೇ ದುಪ್ಪಟ್ಟಾಗುವುದರಲ್ಲಿತ್ತು. ಲೋಕಲ್ ರೈಲುಗಳನ್ನೇ ನಂಬಿರುವ ಮುಂಬೈಯಲ್ಲಿ ಭಾರಿ ವಿರೋಧ ಎದ್ದಿತು. ಮಹಾರಾಷ್ಟ್ರದ ವಿಧಾನಸಭಾ ಚುನಾವಣೆಯೂ ಅದೇ ವರ್ಷವಿತ್ತು. ಕೆಲವೇ ದಿನಗಳಲ್ಲಿ ಆ ಭಾಗವನ್ನು ಹಿಂತೆಗೆದುಕೊಂಡು ಹಳೆಯ ಕ್ರಮವನ್ನೇ ಉಳಿಸಿದರು. 2025ರ ಜುಲೈಯಲ್ಲಿ ದರ ಏರಿದಾಗಲೂ ಉಪನಗರ ರೈಲಿನ ಟಿಕೆಟ್ ಮತ್ತು ಸೀಸನ್ ಟಿಕೆಟ್ಟುಗಳನ್ನು ಮುಟ್ಟಲಿಲ್ಲ. ಮದ್ದೂರಿನಿಂದ ಬೆಳಿಗ್ಗೆ ರೈಲು ಹತ್ತುವ ಕಾರ್ಮಿಕರ ಸಂಬಳದಲ್ಲಿ ಈ ಅನುಪಾತ ಎಷ್ಟು ಉಳಿಸಿಕೊಟ್ಟಿದೆ ಎಂಬುದನ್ನು ನೋಡಿದರೆ, ಅದನ್ನು ಉಳಿಸಿಕೊಂಡದ್ದು ಸರಿಯಾದ ತೀರ್ಮಾನ ಎಂದೇ ನಾನು ಹೇಳುತ್ತೇನೆ.

ಮೂರು ತಿಂಗಳ ಸೀಸನ್ ಟಿಕೆಟ್ ಬೆಲೆ ಎಂಎಸ್‌ಟಿಯ 2.7 ಪಟ್ಟು. ಮೂರು ತಿಂಗಳೂ ಓಡಾಡುವುದು ಖಚಿತವಿದ್ದರೆ ಶೇ 10 ಉಳಿಯುತ್ತದೆ. ಮೂರನೆಯ ತಿಂಗಳು ಅನುಮಾನವಿದ್ದರೆ ಹೀಗೆ ಯೋಚಿಸಿ: ಎರಡು ಎಂಎಸ್‌ಟಿ ತೆಗೆದಿದ್ದರೆ 2 ಪಟ್ಟು ಕೊಡುತ್ತಿದ್ದಿರಿ, ಈಗ ಮೇಲೆ 0.7 ಪಟ್ಟು ಕೊಡುತ್ತಿದ್ದೀರಿ. ಒಂದು ಎಂಎಸ್‌ಟಿ 15 ಪ್ರಯಾಣಕ್ಕೆ ಸಮವಾದರೆ ಅದರ 0.7 ಭಾಗ ಹತ್ತೂವರೆ ಪ್ರಯಾಣಕ್ಕೆ ಸಮ. ಅಂದರೆ ಮೂರನೆಯ ತಿಂಗಳಲ್ಲಿ ಆರು ದಿನ ಹೋಗಿ ಬಂದರೂ ಮೂರು ತಿಂಗಳದ್ದೇ ಲಾಭ. ಮಗಳ ಮದುವೆಗೆಂದು ಹದಿನೈದು ದಿನ ರಜೆ ಹಾಕುವವರೂ ಧೈರ್ಯವಾಗಿ ತೆಗೆಯಬಹುದು. ಆರು ತಿಂಗಳದ್ದು 5.4 ಪಟ್ಟು, ವರ್ಷದ್ದು 10.8 ಪಟ್ಟು. ಇವು 2.7ರ ಎರಡರಷ್ಟು ಮತ್ತು ನಾಲ್ಕರಷ್ಟು ಮಾತ್ರ. ಹೆಚ್ಚು ಕಾಲಕ್ಕೆ ಹಣ ಕಟ್ಟಿದರೂ ಮೂರು ತಿಂಗಳದ್ದಕ್ಕಿಂತ ಒಂದು ಪೈಸೆಯೂ ಹೆಚ್ಚು ಉಳಿಯುವುದಿಲ್ಲ. ಕೆಲಸ ಬದಲಾಗಬಹುದು, ಮನೆ ಬದಲಾಗಬಹುದು. ಮೂರು ತಿಂಗಳದ್ದಕ್ಕೇ ನಿಲ್ಲುವುದು ಜಾಣತನ.

ರೈಲಿನಲ್ಲಿ ಉಳಿಸಿದ್ದನ್ನು ಕಳೆದುಕೊಳ್ಳುವ ದಾರಿಗಳೂ ಇವೆ. ಸೀಸನ್ ಟಿಕೆಟ್ ಇದ್ದವರು ಕಾಯ್ದಿರಿಸಿದ ಬೋಗಿಯಲ್ಲಿ ಕೂರುವಂತಿಲ್ಲ. ಸೂಪರ್‌ಫಾಸ್ಟ್ ರೈಲು ಹತ್ತಬೇಕಾದರೆ ಅದರ ಹೆಚ್ಚುವರಿ ಶುಲ್ಕ ಪ್ರತ್ಯೇಕ. ಪಾಸಿನಲ್ಲಿ ಬರೆದ ನಿಲ್ದಾಣ ದಾಟಿ ಮುಂದೆ ಹೋದರೆ ಆ ಭಾಗಕ್ಕೆ ಟಿಕೆಟ್ ಇಲ್ಲದಂತೆಯೇ. ತುಮಕೂರಿನಿಂದ ಯಶವಂತಪುರಕ್ಕೆ ಪಾಸ್ ತೆಗೆದವರು ಒಂದು ದಿನ ಕೆಲಸದ ಮೇಲೆ ಮೆಜೆಸ್ಟಿಕ್‌ವರೆಗೆ ಹೋದಾಗ ಸಿಕ್ಕಿಬೀಳುವುದು ಹೀಗೆ. ಟಿಕೆಟ್ ಇಲ್ಲದ ಪ್ರಯಾಣಕ್ಕೆ ದರದ ಜೊತೆಗೆ ಕನಿಷ್ಠ 250 ರೂಪಾಯಿ ದಂಡ. ಒಂದು ದಂಡ ಇಡೀ ತಿಂಗಳ ಉಳಿತಾಯವನ್ನೇ ನುಂಗಬಹುದು. ವಾರಕ್ಕೊಮ್ಮೆಯಾದರೂ ಮುಂದಿನ ನಿಲ್ದಾಣಕ್ಕೆ ಹೋಗುವ ಕೆಲಸವಿದ್ದರೆ ಪಾಸನ್ನೇ ಅಲ್ಲಿಯವರೆಗೆ ತೆಗೆಯುವುದು ಉತ್ತಮ, ಬೆಲೆಯ ವ್ಯತ್ಯಾಸ ಬಹುಪಾಲು ಸಣ್ಣದು. ಪಾಸಿನ ಜೊತೆ ಗುರುತಿನ ಚೀಟಿ ಇರಲೇಬೇಕು. ಅಣ್ಣನ ಪಾಸಿನಲ್ಲಿ ತಮ್ಮ ಹೋಗುವಂತಿಲ್ಲ.

ರೈಲು ಇಳಿದ ಮೇಲೆ ನಗರದೊಳಗೆ ಬಸ್ ಹಿಡಿಯುವವರು ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಮಾಡಬೇಕು. ಮಂಡ್ಯದಿಂದ ಬರುವವರಿಗೆ ಎಂಎಸ್‌ಟಿ ಕಣ್ಣುಮುಚ್ಚಿ ತೆಗೆಯುವಂಥದ್ದು. ಆದರೆ ಮೆಜೆಸ್ಟಿಕ್‌ನಿಂದ ಕಚೇರಿಗೆ ಒಂದು ಬಸ್, 18 ರೂಪಾಯಿ ಎಂದಾದರೆ ದಿನಕ್ಕೆ 36. ಬಸ್ ಪಾಸ್ ಬೇಡ. ಕಚೇರಿ ತಲುಪಲು ಎರಡು ಬಸ್ ಬೇಕಾಗಿ ದಿನಕ್ಕೆ 60 ರೂಪಾಯಿ ಆದರೆ 20 ದಿನಕ್ಕೆ ಸರಿಸಮ. ರೈಲು ಕೊಟ್ಟ ಲಾಭವನ್ನು ನೋಡಿ ಬಸ್ಸಿಗೂ ಪಾಸೇ ಒಳ್ಳೆಯದು ಎಂದು ಎರಡನ್ನೂ ಒಟ್ಟಿಗೆ ತೆಗೆಯುವವರು ಒಂದರಲ್ಲಿ ಗಳಿಸಿದ್ದರ ಒಂದು ಪಾಲನ್ನು ಇನ್ನೊಂದರಲ್ಲಿ ಬಿಡುತ್ತಾರೆ.

ಕೊನೆಯದಾಗಿ ದಿನಾಂಕದ ಮಾತು. ಮೊಬೈಲಿನಲ್ಲಿ ತೆಗೆದ ಹೊಸ ರೈಲ್ವೆ ಸೀಸನ್ ಟಿಕೆಟ್ ಅಂದೇ ನಡೆಯುವುದಿಲ್ಲ, ಮರುದಿನದಿಂದ ಚಾಲ್ತಿಗೆ ಬರುತ್ತದೆ. ಒಮ್ಮೆ ತೆಗೆದ ಮೇಲೆ ಆ್ಯಪ್‌ನಲ್ಲಿ ಅದನ್ನು ರದ್ದು ಮಾಡಲೂ ಆಗುವುದಿಲ್ಲ. ಹಳೆಯದನ್ನು ಮುಗಿಯುವ 10 ದಿನ ಮೊದಲಿನಿಂದಲೇ ನವೀಕರಿಸಬಹುದು, ಹೊಸ ಅವಧಿ ಹಳೆಯದರ ಬೆನ್ನಿಗೇ ಶುರುವಾಗುತ್ತದೆ. ಹಳೆಯದು ಶನಿವಾರ ಮುಗಿದು, ನವೀಕರಿಸಲು ಮರೆತು, ಸೋಮವಾರ ಬೆಳಿಗ್ಗೆ ನಿಲ್ದಾಣಕ್ಕೆ ಹೊರಡುವಾಗ ಮೊಬೈಲಿನಲ್ಲಿ ಹೊಸ ಪಾಸ್ ತೆಗೆದು ಆಗಲೇ ರೈಲು ಹತ್ತಿದರೆ ಆ ದಿನ ನೀವು ಟಿಕೆಟ್ ಇಲ್ಲದ ಪ್ರಯಾಣಿಕರು. ಅಂಥ ಸೋಮವಾರಕ್ಕೆ ಪಾಸಿನ ಜೊತೆಗೆ ಹೋಗಿ ಬರುವ ಬಿಡಿ ಟಿಕೆಟ್ಟನ್ನೂ ತೆಗೆದುಕೊಳ್ಳಬೇಕು.